ಕಿಟಕಿಯಿಲ್ಲದ ಬಚ್ಚಲುಮನೆಯ ಬೂಷ್ಟು ಹೋದದ್ದು ಹೀಗೆ

ಫ್ಯಾನ್ ಭರ್ರನೆ ತಿರುಗುತ್ತಿದ್ದರೂ ಶವರ್ ಮೇಲಿನ ಮೂಲೆಯಲ್ಲಿ ಕಪ್ಪು ಬೂಷ್ಟು ಮತ್ತೆ ಮತ್ತೆ ಬರುತ್ತಿತ್ತು. ಸದ್ದಿಗೂ ಗಾಳಿ ಎಳೆಯುವ ಶಕ್ತಿಗೂ ಸಂಬಂಧವಿಲ್ಲ.

ಮೊದಲು ಲೆಕ್ಕ ಹಾಕಿದೆ. ಕೋಣೆ 2.4 ಮೀಟರ್ ಉದ್ದ, 1.5 ಅಗಲ, 2.5 ಎತ್ತರ, ಅಂದರೆ 9 ಘನ ಮೀಟರ್. ಗಂಟೆಗೆ ಹತ್ತು ಬಾರಿ ಗಾಳಿ ಬದಲಾಗಬೇಕೆಂದರೆ 90 ಘನ ಮೀಟರ್ ಸಾಕು. ಫ್ಯಾನಿನ ಮೇಲೆ 100 ಎಂದಿತ್ತು. ಆದರೆ ಅದು ಕೊಳವೆ ಜೋಡಿಸದೆ ಅಳೆದ ಅಂಕಿ. ಫಾಲ್ಸ್ ಸೀಲಿಂಗ್ ಮೇಲೆ ಸುಕ್ಕುಸುಕ್ಕಾದ ಮೆತುಕೊಳವೆ ಎರಡು ಕಡೆ ಬಾಗಿ, ನಡುವೆ ಜೋತುಬಿದ್ದಿತ್ತು. ಜೋಲಿನಲ್ಲಿ ನೀರೂ ನಿಂತಿತ್ತು.

ಅದನ್ನು ತೆಗೆದು 100 ಮಿಲಿಮೀಟರಿನ ಗಟ್ಟಿ ಪೈಪನ್ನು ಒಂದೇ ತಿರುವಿನಲ್ಲಿ, ಹೊರಗೋಡೆಯತ್ತ ತುಸು ಇಳಿಜಾರಾಗಿ ಹಾಕಿಸಿದೆ. ಗಾಳಿ ಎಳೆಯುವ ಜಾಲರಿ ಮೊದಲು ಬಾಗಿಲ ಪಕ್ಕದಲ್ಲಿದ್ದು, ಒಳಬಂದ ಒಣಗಾಳಿಯನ್ನೇ ಹೊರಹಾಕುತ್ತಿತ್ತು. ಅದನ್ನು ಎದುರು ತುದಿಗೆ, ಶವರ್ ಮೇಲಕ್ಕೆ ಸರಿಸಿದೆ. ಫ್ಯಾನನ್ನು ಮಾತ್ರ ನೀರು ತಾಗದಂತೆ ದೂರದಲ್ಲಿ, ಪೈಪಿನ ನಡುವೆ ಕೂರಿಸಿದೆವು.

ಆದರೂ ಬಾಗಿಲು ತೆರೆದಾಗ ಜಾಲರಿಗೆ ಅಂಟುತ್ತಿದ್ದ ತೆಳು ಕಾಗದ, ಮುಚ್ಚಿದೊಡನೆ ಬೀಳುತ್ತಿತ್ತು. ಒಳಗೆ ಬರಲು ಗಾಳಿಗೆ ದಾರಿಯೇ ಇರಲಿಲ್ಲ! ಬಾಗಿಲ ಅಡಿಯನ್ನು ಕತ್ತರಿಸಿ ಎರಡು ಸೆಂಟಿಮೀಟರ್ ಸಂದು ಬಿಡಿಸಿದ ಮೇಲೆ ಕಾಗದ ನಿಂತಿತು.

ಸ್ನಾನದ ನಂತರವೂ ಇಪ್ಪತ್ತು ನಿಮಿಷ ಓಡುವಂತೆ ಟೈಮರ್ ಹಾಕಿದ್ದೇನೆ. ಹಳೆಯ ಬೂಷ್ಟನ್ನು ಉಜ್ಜಿ ತೆಗೆಯಲೇಬೇಕು, ಫ್ಯಾನ್ ಅದನ್ನು ಅಳಿಸುವುದಿಲ್ಲ. ಬಚ್ಚಲು ಬಳಸದ ದಿನಗಳಲ್ಲೂ ಗೋಡೆ ತೇವವಾಗಿದ್ದರೆ ಪೈಪ್ ಸೋರಿಕೆಯನ್ನು ಹುಡುಕಿಸಿ.