ತತ್ವಜ್ಞಾನಿಯ ಪುಸ್ತಕಪಟ್ಟಿ: ಮೊದಲ ವರ್ಷ ಬೇರೆ, ತಿದ್ದಿದ ವರ್ಷ ಬೇರೆ

‘1813ರಲ್ಲೇ ಶೋಪೆನ್‌ಹಾವರ್ ಹೆಗೆಲ್‌ನನ್ನು ಕಟುವಾಗಿ ಟೀಕಿಸಿದ್ದ.’ ವಿದ್ಯಾರ್ಥಿಯೊಬ್ಬರ ಕರಡಿನಲ್ಲಿ ಈ ವಾಕ್ಯ ನೋಡಿ ನನಗೆ ಸಂಕಟವಾಯಿತು. ಅವರು ಆ ಜರ್ಮನ್ ತತ್ವಜ್ಞಾನಿಯ 1813ರ ಪುಸ್ತಕವನ್ನು ನಿಜವಾಗಿಯೂ ಓದಿದ್ದರು, ಪುಟಸಂಖ್ಯೆಯೂ ಸರಿಯಿತ್ತು. ತಪ್ಪಿದ್ದು ವರ್ಷ ಮಾತ್ರ. ಆ ಬೈಗುಳ ಪುಸ್ತಕಕ್ಕೆ ಸೇರಿದ್ದು 1847ರ ಎರಡನೇ ಆವೃತ್ತಿಯಲ್ಲಿ. 1813ರಲ್ಲಿ ಪುಸ್ತಕ ಬರೆದವನು 25 ವರ್ಷದ ಹುಡುಗ, ತಿದ್ದಿದವನು 59 ವರ್ಷದ ಹಿರಿಯ. ನಡುವೆ ಮೂವತ್ತನಾಲ್ಕು ವರ್ಷ ಕಳೆದಿದೆ.

ಇಂಥ ಎಡವಟ್ಟು ಪದೇ ಪದೇ ನೋಡಿದ್ದೇನೆ. ಅದಕ್ಕೇ ಶೋಪೆನ್‌ಹಾವರ್‌ನನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಪಟ್ಟಿ ಮಾಡುವ ಕ್ರಮ ಹೇಳುತ್ತೇನೆ. ಅವನ ಪುಸ್ತಕಗಳು ಕಡಿಮೆ, ಆದರೆ ಸಿಗಬಹುದಾದ ತೊಡಕುಗಳೆಲ್ಲ ಅವನಲ್ಲಿವೆ.

ಹಂತ 1: ನಾಲ್ಕು ಕಾಲಂ ಎಳೆಯಿರಿ

ಮೂಲ ಭಾಷೆಯ ಹೆಸರು, ಮೊದಲ ಪ್ರಕಟಣೆಯ ವರ್ಷ, ಲೇಖಕ ತಾನೇ ತಿದ್ದಿದ ಆವೃತ್ತಿಗಳು, ನಿಮ್ಮ ಕೈಲಿರುವ ಪ್ರತಿ. ಇಷ್ಟು ಸಾಕು. ಮೂಲ ಭಾಷೆಯ ಹೆಸರೇ ಯಾಕೆ ಅಂದರೆ, ಅನುವಾದದ ಹೆಸರು ಬದಲಾಗುತ್ತಿರುತ್ತದೆ. ಅವನ ಮುಖ್ಯ ಪುಸ್ತಕ ಇಂಗ್ಲಿಷ್‌ನಲ್ಲಿ ಒಮ್ಮೆ ‘ದಿ ವರ್ಲ್ಡ್ ಆಸ್ ವಿಲ್ ಅಂಡ್ ಐಡಿಯಾ’, ಇನ್ನೊಮ್ಮೆ ‘ದಿ ವರ್ಲ್ಡ್ ಆಸ್ ವಿಲ್ ಅಂಡ್ ರೆಪ್ರೆಸೆಂಟೇಷನ್’. ಎರಡನ್ನೂ ಬೇರೆ ಬೇರೆ ಪುಸ್ತಕ ಅಂದುಕೊಂಡು ಎರಡು ಸಾಲು ಬರೆದವರನ್ನು ನೋಡಿದ್ದೇನೆ.

ಹಂತ 2: ಮೊದಲ ವರ್ಷ ಹುಡುಕಿ

ದೊಡ್ಡ ಗ್ರಂಥಾಲಯಗಳ ಕ್ಯಾಟಲಾಗ್‌ನಲ್ಲಿ ಲೇಖಕನ ಹೆಸರು ಹಾಕಿ, ಹಳೆಯದು ಮೊದಲು ಬರುವಂತೆ ಜೋಡಿಸಿ. ಆನ್‌ಲೈನ್ ಪುಸ್ತಕದಂಗಡಿಯ ತಾರೀಖನ್ನು ಮಾತ್ರ ನಂಬಬೇಡಿ. ಅಲ್ಲಿರುವುದು ಆ ಪ್ರತಿ ಮಾರಾಟಕ್ಕೆ ಬಂದ ವರ್ಷ.

ಹಳೆಯ ಪುಸ್ತಕಗಳಲ್ಲಿ ಇನ್ನೊಂದು ಸಣ್ಣ ತೊಡಕು ಇದೆ. ಈ ಮುಖ್ಯ ಪುಸ್ತಕದ ಮುಖಪುಟದಲ್ಲಿ 1819 ಎಂದಿದೆ, ಆದರೆ ಅದು ಹೊರಬಂದದ್ದು 1818ರ ಕೊನೆಯಲ್ಲಿ. ಮೊದಲ ಮುನ್ನುಡಿಯ ಕೆಳಗೆ 1818ರ ಆಗಸ್ಟ್ ಎಂದೇ ಇದೆ. ಹಾಗಾಗಿ ಒಬ್ಬರು 1818 ಅಂತ, ಇನ್ನೊಬ್ಬರು 1819 ಅಂತ ಬರೆಯುತ್ತಾರೆ. ನನ್ನ ಪ್ರಕಾರ ಎರಡನ್ನೂ ಬರೆಯಬೇಕು: ‘1818, ಮುಖಪುಟದಲ್ಲಿ 1819’. ಸುಮ್ನೆ ಒಂದನ್ನು ಆರಿಸಿದರೆ ಓದುವವರು ನಿಮ್ಮದನ್ನು ಮುದ್ರಣದೋಷ ಅಂದುಕೊಳ್ಳುತ್ತಾರೆ.

ಹಂತ 3: ಮರುಮುದ್ರಣವೋ, ಪರಿಷ್ಕರಣೆಯೋ?

ಎಲ್ಲರೂ ಎಡವುವುದು ಇಲ್ಲೇ. ‘ಎರಡನೇ ಆವೃತ್ತಿ’ ಎಂದು ಕಂಡ ತಕ್ಷಣ ಮೂರನೇ ಕಾಲಂಗೆ ಹಾಕಿಬಿಡುತ್ತಾರೆ. ಸಂಖ್ಯೆ ಎರಡು ಆದ ಮಾತ್ರಕ್ಕೆ ಒಳಗಿನ ಮಾತು ಬದಲಾಗಿರುವುದಿಲ್ಲ. ಜರ್ಮನ್ ಪುಸ್ತಕಗಳಲ್ಲಿ ‘ಔಫ್ಲಾಗೆ’ ಎಂಬ ಪದ ತಿದ್ದಿದ ಆವೃತ್ತಿಗೂ ಬರುತ್ತದೆ, ಹಾಗೇ ಮತ್ತೆ ಅಚ್ಚು ಹಾಕಿದ್ದಕ್ಕೂ ಬರುತ್ತದೆ. ಅದರ ಹಿಂದಿನ ವಿಶೇಷಣ ನೋಡಬೇಕು. ‘ಫೆರ್ಬೆಸ್ಸರ್ಟೆ’ ಅಂದರೆ ತಿದ್ದಿದ್ದು, ‘ಫೆರ್ಮೇರ್ಟೆ’ ಅಂದರೆ ಹೊಸದನ್ನು ಸೇರಿಸಿದ್ದು, ‘ಉನ್‌ಫೆರೆಂಡರ್ಟೆ’ ಅಂದರೆ ಏನೂ ಬದಲಾಗದ್ದು. ಕೊನೆಯದು ಮೂರನೇ ಕಾಲಂಗೆ ಬರಲೇಬಾರದು.

ಆದರೆ ಮುಖಪುಟವನ್ನೂ ಪೂರ್ತಿ ನಂಬುವ ಹಾಗಿಲ್ಲ. ಪ್ರಕಾಶಕರಿಗೆ ‘ತಿದ್ದಿದ ಆವೃತ್ತಿ’ ಎಂದು ಹಾಕಿದರೆ ಮಾರಾಟಕ್ಕೆ ಅನುಕೂಲ. ಹೊಸ ಆವೃತ್ತಿಗೆ ಲೇಖಕ ಬರೆದ ಮುನ್ನುಡಿಯನ್ನೇ ಓದಿ, ಅದರ ಕೊನೆಯಲ್ಲಿರುವ ತಾರೀಖು ನೋಡಿ. ಏನು ಸೇರಿಸಿದೆ, ಯಾಕೆ ಸೇರಿಸಿದೆ ಎಂದು ಅವನೇ ಹೇಳಿರುತ್ತಾನೆ.

ಮೇಲೆ ಹೇಳಿದ ಆ 1813ರ ಪುಸ್ತಕವನ್ನೇ ತೆಗೆದುಕೊಳ್ಳಿ. ಅದು ಅವನ ಡಾಕ್ಟರೇಟ್ ಪ್ರಬಂಧ. ಇಂಗ್ಲಿಷ್ ಓದುಗರು ಅದನ್ನು ‘ಫೋರ್‌ಫೋಲ್ಡ್ ರೂಟ್’ ಎಂದು ಕರೆಯುತ್ತಾರೆ. 1847ರ ಮುನ್ನುಡಿಯಲ್ಲಿ ಅವನು ಮುಚ್ಚುಮರೆ ಇಲ್ಲದೆ ಹೇಳುತ್ತಾನೆ: ಯುವಕನ ಮಾತು ಸಾಧ್ಯವಾದಷ್ಟು ಉಳಿಸಿದ್ದೇನೆ, ನಡುನಡುವೆ ಮುದುಕನ ದನಿ ಕೇಳಿಸುತ್ತದೆ, ಯಾವುದು ಯಾರದ್ದು ಎಂದು ಓದುಗರಿಗೇ ತಿಳಿಯುತ್ತದೆ. ಮೃದುವಾದ ದನಿ ಯುವಕನದು, ಹೆಗೆಲ್ ಮೇಲೆ ಹರಿಹಾಯುವುದು ಮುದುಕನದು. ಇಂದು ಸಾಮಾನ್ಯವಾಗಿ ಕೈಗೆ ಸಿಗುವ ಅನುವಾದಗಳು ಈ 1847ರ ಆವೃತ್ತಿಯವು. ಆದ್ದರಿಂದ ಸಾಲು ಹೀಗೆ ಬರಬೇಕು: ಮೊದಲ ಪ್ರಕಟಣೆ 1813, ಪರಿಷ್ಕರಣೆ 1847, ಗಣನೀಯವಾಗಿ ಬದಲಾಗಿದೆ.

ಆ ಕೊನೆಯ ಎರಡು ಪದಗಳನ್ನು ಯಾರೂ ಬರೆಯುವುದಿಲ್ಲ. ದಯವಿಟ್ಟು ಬರೆಯಿರಿ. ಬರೀ ‘1813, 1847’ ಎಂದರೆ ಎಷ್ಟು ಬದಲಾಗಿದೆ ಎಂಬ ಸುಳಿವೇ ಸಿಗುವುದಿಲ್ಲ.

ಮುಖ್ಯ ಪುಸ್ತಕದಲ್ಲಿ ಗೊಂದಲ ಇನ್ನೂ ಜಾಸ್ತಿ. 1844ರಲ್ಲಿ ಎರಡನೇ ಆವೃತ್ತಿ ಬಂದಾಗ ಮೊದಲ ಸಂಪುಟವನ್ನು ತಿದ್ದಿದ್ದಲ್ಲದೆ, ಒಂದು ಇಡೀ ಹೊಸ ಸಂಪುಟ ಸೇರಿಸಿದ. 1859ರ ಮೂರನೆಯದರಲ್ಲಿ ಮತ್ತೆ ತಿದ್ದಿ ಬೆಳೆಸಿದ. ಹಾಗಾದರೆ ಎರಡನೇ ಸಂಪುಟದ ಮೊದಲ ವರ್ಷ ಯಾವುದು? 1844 ಅಲ್ವಾ? ಆದರೂ ಅದರಲ್ಲಿರುವ ಲೈಂಗಿಕ ಪ್ರೇಮದ ಅಧ್ಯಾಯವನ್ನು ‘1819’ ಎಂದು ಉಲ್ಲೇಖಿಸಿದ ಲೇಖನಗಳು ನನ್ನ ಕೈಗೆ ಬಂದಿವೆ. ಎರಡು ಸಂಪುಟಕ್ಕೂ ಒಂದೇ ಹೆಸರು ಇರುವುದರಿಂದ ಹೀಗಾಗುತ್ತದೆ. ಸಂಪುಟಗಳಿಗೆ ಬೇರೆ ಬೇರೆ ಸಾಲು ಕೊಡಿ: ಸಂಪುಟ 1, ಮೊದಲು 1818, ಪರಿಷ್ಕರಣೆ 1844 ಮತ್ತು 1859, ಸಂಪುಟ 2, ಮೊದಲು 1844, ಪರಿಷ್ಕರಣೆ 1859.

ಹಂತ 4: ಮೊದಲ ವರ್ಷದ ಪ್ರಕಾರವೇ ಜೋಡಿಸಿ

ಪ್ರಬಂಧ 1813. ನೋಟ ಮತ್ತು ಬಣ್ಣಗಳ ಪುಸ್ತಕ 1816. ಮುಖ್ಯ ಪುಸ್ತಕ 1818. ಪ್ರಕೃತಿಯಲ್ಲಿ ಇಚ್ಛೆಯ ಬಗೆಗಿನ ಪುಸ್ತಕ 1836. ನೀತಿಶಾಸ್ತ್ರದ ಎರಡು ಪ್ರಬಂಧಗಳು, ಮುಖಪುಟದಲ್ಲಿ 1841. ‘ಪರೆರ್ಗಾ ಉಂಟ್ ಪಾರಾಲಿಪೋಮೆನಾ’ 1851. ಈಗ 1818 ಮತ್ತು 1836ರ ನಡುವಿನ ಖಾಲಿ ಜಾಗ ನೋಡಿ. ಅವನನ್ನು ಯಾರೂ ಓದದ ವರ್ಷಗಳವು. ಕೊನೆಯ ಆವೃತ್ತಿಗಳ ಪ್ರಕಾರ ಜೋಡಿಸಿದರೆ ಡಾಕ್ಟರೇಟ್ ಪ್ರಬಂಧ 1847ಕ್ಕೆ ಜಾರುತ್ತದೆ, ಬಣ್ಣಗಳ ಪುಸ್ತಕ ಮತ್ತು ಪ್ರಕೃತಿಯ ಪುಸ್ತಕ ಎರಡೂ 1854ಕ್ಕೆ. ಆಗ ಪರೆರ್ಗಾ ಇವೆರಡಕ್ಕಿಂತ ಮೊದಲು ಬರೆದಂತೆ ಕಾಣುತ್ತದೆ. ಪೂರ್ತಿ ತಲೆಕೆಳಗು.

ಹಂತ 5: ನಿಮ್ಮ ಪ್ರತಿಯನ್ನು ದಾಖಲಿಸಿ

ಅನುವಾದಕರ ಮುನ್ನುಡಿಯಲ್ಲಿ ಯಾವ ಆವೃತ್ತಿಯಿಂದ ಅನುವಾದಿಸಿದೆ ಎಂದಿರುತ್ತದೆ. ಆ ಒಂದು ವಾಕ್ಯ ಹುಡುಕಿ ಬರೆದುಕೊಳ್ಳಿ. ಸ್ಕ್ಯಾನ್ ಮಾಡಿ ಅಗ್ಗಕ್ಕೆ ಮಾರುವ ಮರುಮುದ್ರಣಗಳಲ್ಲಿ ಅನುವಾದಕರ ಹೆಸರೂ ಇರುವುದಿಲ್ಲ, ಮುನ್ನುಡಿಯನ್ನೂ ಕಿತ್ತು ಹಾಕಿರುತ್ತಾರೆ. ಅಂಥವನ್ನು ಕೊಳ್ಳಬೇಡಿ, ಉಲ್ಲೇಖಿಸಲೂಬೇಡಿ.

ಜೊಟೆರೊ ಎಂಬ ಉಲ್ಲೇಖ ತಂತ್ರಾಂಶ ಬಳಸುವವರು `Date` ಜಾಗದಲ್ಲಿ ಕೈಲಿರುವ ಪ್ರತಿಯ ವರ್ಷ ಹಾಕಿ. ಮೊದಲ ವರ್ಷವನ್ನು `Extra` ಜಾಗದಲ್ಲಿ ಹೀಗೆ ಬರೆಯಿರಿ:

```
Original Date: 1813
```

ಇದನ್ನು ಗುರುತಿಸುವ ಉಲ್ಲೇಖ ಶೈಲಿಗಳು ಎರಡು ವರ್ಷಗಳನ್ನೂ ತೋರಿಸುತ್ತವೆ. ಮಧ್ಯದ 1847ಕ್ಕೆ ಮಾತ್ರ ಇಲ್ಲಿ ಜಾಗವಿಲ್ಲ, ಅದಕ್ಕೆ ನಿಮ್ಮ ಪಟ್ಟಿಯೇ ಗತಿ.

ಕೊನೆಗೆ ಲೇಖಕ ತೀರಿಕೊಂಡ ದಿನವನ್ನು ಪಟ್ಟಿಯ ಮೇಲೆ ಬರೆದು, ಮೂರನೇ ಕಾಲಂ ಒಮ್ಮೆ ನೋಡಿ. ಶೋಪೆನ್‌ಹಾವರ್ ತೀರಿಕೊಂಡದ್ದು 1860ರ ಸೆಪ್ಟೆಂಬರ್ 21ರಂದು. ಪರೆರ್ಗಾದ ಎರಡನೇ ಆವೃತ್ತಿ ಬಂದದ್ದು 1862ರಲ್ಲಿ. ಅವನ ಕೈಬರಹದ ಟಿಪ್ಪಣಿಗಳನ್ನು ಅಲ್ಲಿಗೆ ಸೇರಿಸಿದವರು ಯೂಲಿಯುಸ್ ಫ್ರೌವೆನ್‌ಷ್ಟೆಟ್. ಮಾತು ಅವನದೇ, ಯಾವ ಮಾತು ಎಲ್ಲಿ ಕೂರಬೇಕು ಎಂಬ ತೀರ್ಮಾನ ಅವನದಲ್ಲ. ಅದನ್ನು ಮೂರನೇ ಕಾಲಂನಿಂದ ತೆಗೆದು, ಕೆಳಗೆ ‘ಮರಣಾನಂತರ, ಸಂಪಾದಕರ ಕೈ’ ಎಂದು ಬೇರೆ ಸಾಲಿನಲ್ಲಿ ಹಾಕಿ.