ಇಪ್ಪತ್ತು ಡಿಗ್ರಿ ಕೋಣೆಯಲ್ಲಿ ಶುರುವಾದ ಪರಿಚಯ

ಒಂದು ಸಲ ಎರಡು ದಿನ ರಜೆ ಹಾಕಿ ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಅನ್ನುವ ಯಂತ್ರಗಳ ಪ್ರದರ್ಶನಕ್ಕೆ ಹೋಗಿದ್ದೆ. ಮೆಷಿನ್ ನೋಡುವುದು ನೆಪ ಅಷ್ಟೇ. ಕಾಂಟ್ಯಾಕ್ಟ್ ಬೆಳೆಸಿಕೊಳ್ಳದಿದ್ದರೆ ಪೀಣ್ಯದಲ್ಲೇ ಕೊಳೆಯುತ್ತೀಯ ಅಂತ ಅಣ್ಣ ಹೇಳಿದ್ದ. ಸ್ಟಾಲ್‌ನಿಂದ ಸ್ಟಾಲ್‌ಗೆ ಹೋದೆ, ಯಾರಾದರೂ ನನ್ನ ಕಡೆ ನೋಡಿದರೆ ಬ್ರೋಷರ್ ಎತ್ತಿಕೊಂಡು ಓದುವಂತೆ ನಟಿಸಿದೆ. ಕೊನೆಗೆ ಜೇಬಿನಲ್ಲಿ 23 ವಿಸಿಟಿಂಗ್ ಕಾರ್ಡ್ ಇದ್ದವು. ಅಷ್ಟೂ ಮಂದಿಗೆ ಮೇಲ್ ಹಾಕಿದೆ. ಇಬ್ಬರಿಂದ ಉತ್ತರ ಬಂತು, ಎರಡೂ ಕೊಟೇಶನ್. ನಾನು ಗಿರಾಕಿ ಅಂದುಕೊಂಡಿದ್ದರು ಪಾಪ.

ಆಗ ನಾನು ಒಂದು ಕಾರ್ಖಾನೆಯಲ್ಲಿ ಸಿಎಂಎಂ ಆಪರೇಟರ್. ಗ್ರಾನೈಟ್ ಮೇಜಿನ ಮೇಲೆ ಪಾರ್ಟ್ ಇಟ್ಟು, ಮಾಣಿಕ್ಯದ ಗುಂಡು ಇರುವ ಪ್ರೋಬ್‌ನಿಂದ ಮುಟ್ಟಿಸಿ ಅಳತೆ ತೆಗೆಯುವ ಯಂತ್ರ ಅದು. ಬೇರೆಯವರು ಬರೆದಿಟ್ಟ ಪ್ರೋಗ್ರಾಂ ಓಡಿಸುವುದು, ರಿಪೋರ್ಟ್ ಪ್ರಿಂಟ್ ಹಾಕುವುದು, ಐದು ವರ್ಷ ಇದೇ. ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಹೋಗಬೇಕು ಅನ್ನುವ ಆಸೆ ಇತ್ತು. ಹೇಗೆ ಅಂತ ಕೇಳುವ ಧೈರ್ಯ ಇರಲಿಲ್ಲ. ನಾಲ್ಕು ಜನರ ನಡುವೆ ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಒಬ್ಬರೇ ಇದ್ದು, ನಡುವೆ ಒಂದು ಕೆಲಸ ಇದ್ದರೆ ಮಾತು ಬರುತ್ತದೆ. ಇದು ಗೊತ್ತಾಗಿದ್ದು ಪ್ರದರ್ಶನದಲ್ಲಲ್ಲ, ನಮ್ಮದೇ ಸಿಎಂಎಂ ರೂಮಿನಲ್ಲಿ.

ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಅಂತ ನೋಡುವ ಕ್ಯಾಲಿಬ್ರೇಶನ್‌ಗೆ ವರ್ಷಕ್ಕೊಮ್ಮೆ ಹೊರಗಿನ ಸರ್ವಿಸ್ ಇಂಜಿನಿಯರ್ ಒಬ್ಬರು ಬರುತ್ತಿದ್ದರು. ಅಳತೆಯ ಲೆಕ್ಕವೆಲ್ಲ 20 ಡಿಗ್ರಿ ಉಷ್ಣತೆಗೆ ಇರುವುದರಿಂದ ರೂಮಿನ ಎಸಿಯನ್ನು ಸದಾ ಅಷ್ಟಕ್ಕೇ ಇಟ್ಟಿರುತ್ತಾರೆ. ಅವರು ತಂದ ಸ್ಟೆಪ್ ಗೇಜ್ ಅನ್ನುವ ಅಳತೆಗೋಲು ಕೂಡ ಆ ಉಷ್ಣತೆಗೆ ಬರುವವರೆಗೆ ಕಾಯಬೇಕು. ಬಾಗಿಲು ಮುಚ್ಚಿದ ತಣ್ಣನೆ ರೂಮು, ಇಬ್ಬರೇ, ಮಾಡಲು ಬೇರೇನೂ ಇಲ್ಲ. ಹಿಂದಿನ ನಾಲ್ಕು ವರ್ಷ ನಾನು ಆ ಹೊತ್ತನ್ನು ಮೊಬೈಲ್ ನೋಡಿಕೊಂಡು ಕಳೆದಿದ್ದೆ.

ಐದನೇ ವರ್ಷ ನನಗೆ ತಲೆನೋವೊಂದಿತ್ತು. ಒಂದು ಅಲ್ಯೂಮಿನಿಯಂ ಹೌಸಿಂಗ್, ಅದರಲ್ಲಿ ಕೊರೆದ ಎರಡು ಬೋರ್‌ಗಳ ನಡುವಿನ ಅಂತರ 300 ಮಿಲಿಮೀಟರ್, ಟಾಲರೆನ್ಸ್ ಅಂದರೆ ಒಪ್ಪಬಹುದಾದ ವ್ಯತ್ಯಾಸ ಆಚೀಚೆ 25 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ಬೆಳಿಗ್ಗೆ ಅಳೆದದ್ದು ಪಾಸ್, ಮಧ್ಯಾಹ್ನ ಅಳೆದದ್ದು ಫೇಲ್. ಪಾರ್ಟ್ ಮಾಡುವ ಮಷಿನ್ ಶಾಪಿನವರ ಜೊತೆ ದಿನಾ ಜಗಳ. ನನ್ನ ಬಾಸ್ ಮುಂದೆ 'ಶಾಪಿನ ತಪ್ಪು' ಅಂತ ಗಟ್ಟಿಯಾಗಿ ಹೇಳಿಬಿಟ್ಟಿದ್ದೆ, ಒಳಗೆ ಅನುಮಾನ ಇತ್ತು. ಅವತ್ತು ಹೇಗೋ ಬಾಯಿ ಬಿಟ್ಟೆ. "ಸರ್, ಐದು ವರ್ಷದಿಂದ ಮೆಷಿನ್ ಓಡಿಸ್ತಿದೀನಿ, ಆದರೂ ಇದು ಯಾಕೆ ಹೀಗಾಗುತ್ತೆ ಅಂತ ನಂಗೆ ಗೊತ್ತಿಲ್ಲ."

ಅವರು ನಗಲಿಲ್ಲ. "ಪಾರ್ಟ್ ಎಲ್ಲಿಂದ ಬರುತ್ತೆ?" ಅಂದರು.

"ವಾಷಿಂಗ್ ಮೆಷಿನ್‌ನಿಂದ ಸೀದಾ ಇಲ್ಲಿಗೆ, ಸರ್."

"ಮುಟ್ಟಿ ನೋಡಿದೀರಾ?"

ಮುಟ್ಟಿರಲಿಲ್ಲ. ಪೇಪರ್ ಮೇಲೆ ಲೆಕ್ಕ ಬರೆದರು. ಅಲ್ಯೂಮಿನಿಯಂ ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 300 ಮಿಲಿಮೀಟರಿಗೆ ಪ್ರತಿ ಡಿಗ್ರಿಗೂ ಸುಮಾರು 7 ಮೈಕ್ರಾನ್. ಪಾರ್ಟ್ 27 ಡಿಗ್ರಿಯಲ್ಲಿದ್ದರೆ 50 ಮೈಕ್ರಾನಿನ ಹತ್ತಿರ ಹೋಯಿತು. ಬೆಳಿಗ್ಗೆಯ ಪಾರ್ಟ್‌ಗಳು ರಾತ್ರಿಯಿಡೀ ಎಸಿ ರೂಮಿನಲ್ಲಿ ತಣ್ಣಗಾಗಿರುತ್ತಿದ್ದವು, ಅಷ್ಟೇ ವ್ಯತ್ಯಾಸ. ಶಾಪಿನವರ ತಪ್ಪೇನೂ ಇರಲಿಲ್ಲ.

ನೆಟ್‌ವರ್ಕಿಂಗ್ ಅಂದರೆ ನನಗೆ ಇವತ್ತಿಗೂ ಆ ಒಂದು ಪೇಪರೇ. ಆದರೆ ಅವತ್ತಿನ ಮಾತಿಗಿಂತ ಮುಖ್ಯವಾದದ್ದು ಮೂರು ವಾರ ಬಿಟ್ಟು ನಾನು ಕಳಿಸಿದ ವಾಟ್ಸಾಪ್ ಮೆಸೇಜು. "ಸರ್, ನೀವು ಹೇಳಿದ ಹಾಗೆ ಪಾರ್ಟ್‌ಗಳನ್ನ ಮೂರು ಗಂಟೆ ರೂಮಲ್ಲಿ ಇಟ್ಟು ಅಳೀತಿದೀನಿ. ಬೆಳಿಗ್ಗೆ-ಮಧ್ಯಾಹ್ನದ ವ್ಯತ್ಯಾಸ ಈಗ 8 ಮೈಕ್ರಾನ್ ಒಳಗೆ ಬಂದಿದೆ. ಶಾಪಿನವರ ಹತ್ರ ಸಾರಿ ಕೇಳಿದೆ." ಹತ್ತು ನಿಮಿಷದಲ್ಲಿ ಅವರೇ ಫೋನ್ ಮಾಡಿದರು. ನೂರಾರು ಜನಕ್ಕೆ ಸಲಹೆ ಕೊಟ್ಟಿದೀನಿ, ಏನಾಯ್ತು ಅಂತ ಯಾರೂ ವಾಪಸ್ ಹೇಳಲ್ಲ ಮಾರಾಯ್ರೆ ಅಂದರು. ಆ ಫೋನಿನಲ್ಲೇ, ಕೇಳಲು ಹಿಂಜರಿಯುತ್ತಿದ್ದ ಪ್ರೋಗ್ರಾಮಿಂಗ್ ವಿಷಯ ಕೇಳಿಬಿಟ್ಟೆ.

ಅದಾದ ಮೇಲೆ ಡೈರಿಯ ಹಿಂದಿನ ಪುಟದಲ್ಲಿ 14 ಹೆಸರು ಬರೆದೆ. ಯಾರೂ ಅಪರಿಚಿತರಲ್ಲ, ಹತ್ತಿರದವರೂ ಅಲ್ಲ. ತಿಪಟೂರಿನಲ್ಲಿ ಡಿಪ್ಲೊಮಾ ಓದುವಾಗ ಪಕ್ಕದ ಬೆಂಚಿನಲ್ಲಿದ್ದವನು, ಕೆಲಸ ಬಿಟ್ಟುಹೋದ ಹಳೆಯ ಸೀನಿಯರ್, ಗೇಜ್ ಸಪ್ಲೈ ಮಾಡುವವರು, ನಮ್ಮಲ್ಲಿಗೆ ಆಡಿಟ್‌ಗೆ ಬಂದಿದ್ದ ಗ್ರಾಹಕ ಕಂಪನಿಯ ಕ್ವಾಲಿಟಿಯವರು. ಇಂಥವರನ್ನೇ ಹಿಡಿಯಬೇಕು ಅಂತ ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಸಂಕೋಚಕ್ಕೆ ನಿಲುಕಿದ್ದು ಇಷ್ಟೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದರ ಬಗ್ಗೆ ಬರೆದಿದ್ದರು ಅಂತ ಎಷ್ಟೋ ಆಮೇಲೆ ಓದಿದೆ. ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ಕೇಳಿದಾಗ, ಸುದ್ದಿ ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 17ರಷ್ಟು ಮಾತ್ರ. ಉಳಿದವರಿಗೆ ಕೆಲಸದ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಕಾಣುವವರಿಂದ. ಕಾರಣ ಸರಳ. ದಿನಾ ನನ್ನ ಜೊತೆ ಊಟ ಮಾಡುವವನಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತಿರುತ್ತದೆ.

ಮೊದಲ ಮೆಸೇಜುಗಳಲ್ಲೇ ಎಡವಿದೆ. ಹಳೆಯ ಸೀನಿಯರ್‌ಗೆ "ಹಾಯ್ ಸರ್, ಹೇಗಿದೀರಾ? ನಿಮ್ಮ ಕಡೆ ಏನಾದ್ರೂ ಓಪನಿಂಗ್ ಇದ್ರೆ ಹೇಳಿ" ಅಂತ ಹಾಕಿದೆ. "ರೆಸ್ಯೂಮೆ ಕಳಿಸಿ" ಅಂದರು, ಕಳಿಸಿದೆ, ನೀಲಿ ಟಿಕ್ ಬಂತು, ಕಥೆ ಮುಗಿಯಿತು. ಅವರು ಬೇರೇನು ಮಾಡಿಯಾರು? ಇಲ್ಲ ಅನ್ನಬೇಕು ಇಲ್ಲವೇ ಸುಮ್ಮನಿರಬೇಕು. ಅವರಿಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಕಿತ್ತು. ಆಮೇಲೆ ಗೇಜ್ ಸಪ್ಲೈ ಮಾಡುವವರಿಗೆ ಹೀಗೆ ಬರೆದೆ: "ನಮಸ್ತೆ ಸರ್, ಪೀಣ್ಯದಲ್ಲಿ ಪ್ಲಗ್ ಗೇಜ್ ಕೊಡೋಕೆ ಬರ್ತಿದ್ರಲ್ಲ, ಸಿಎಂಎಂ ರೂಮಿನ ಹುಡುಗ ನಾನು. ಆಪರೇಟರ್ ಕೆಲಸದಿಂದ ಪ್ರೋಗ್ರಾಮಿಂಗ್‌ಗೆ ಹೋದವರು ಯಾರಾದ್ರೂ ನಿಮಗೆ ಗೊತ್ತಾ, ಅವರು ಮೊದಲು ಏನು ಕಲಿತರು ಅಂತ ತಿಳ್ಕೋಬೇಕಿತ್ತು. ಈ ವಾರ ಈ ಕಡೆ ಬಂದ್ರೆ ಗೇಟ್ ಪಕ್ಕದ ದರ್ಶಿನಿಯಲ್ಲಿ ಒಂದು ಕಾಫಿ. ಆಗದಿದ್ರೆ ಪರವಾಗಿಲ್ಲ ಸರ್." ಗುರುತು, ಒಂದೇ ಪ್ರಶ್ನೆ, ತಪ್ಪಿಸಿಕೊಳ್ಳಲು ದಾರಿ. ಇದರಲ್ಲಿ ಯಾವುದನ್ನು ಬಿಟ್ಟರೂ ಉತ್ತರ ಬರುವುದು ಕಮ್ಮಿಯಾಯಿತು.

ದರ್ಶಿನಿಯನ್ನು ಬೇಕಂತಲೇ ಆರಿಸಿದೆ. ನಿಂತು ಕುಡಿಯುವ ಜಾಗ, ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಡಬೇಕಿಲ್ಲ, ರಸ್ತೆ ನೋಡುತ್ತಾ ಮಾತಾಡಬಹುದು. ಲೋಟ ಖಾಲಿಯಾದರೆ ಹೊರಡುವುದಕ್ಕೆ ನೆಪವೂ ಸಿಕ್ಕಿತು. ಮೊದಲ ಸಲ ಚೀಟಿಯಲ್ಲಿ 11 ಪ್ರಶ್ನೆ ಬರೆದುಕೊಂಡು ಹೋಗಿ ಒಂದೊಂದಾಗಿ ಕೇಳಿದೆ. ಐದನೆಯದಕ್ಕೆ ಅವರು ಗಡಿಯಾರ ನೋಡಿಕೊಂಡರು. ಉತ್ತರಗಳು ಹೌದು, ಇಲ್ಲ, ನೋಡಬೇಕು ಅನ್ನುವಷ್ಟಕ್ಕೆ ಇಳಿದರೆ ಅದು ಮಾತುಕತೆಯಾಗಿ ಉಳಿದಿಲ್ಲ, ವಿಚಾರಣೆಯಾಗಿದೆ ಅಂತ ಅವತ್ತು ತಿಳಿಯಿತು. ಈಗ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗುತ್ತೇನೆ: "ನಿನ್ನೆ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಯಾವುದು?" ಅದಕ್ಕೆ ಸಿದ್ಧ ಉತ್ತರ ಯಾರ ಬಳಿಯೂ ಇರುವುದಿಲ್ಲ, ಯೋಚಿಸಿ ಹೇಳುತ್ತಾರೆ. ಯೋಚಿಸುವಾಗಿನ ಮೌನವನ್ನು ತುಂಬಲು ಹೋಗಬಾರದು. ನಮ್ಮಂಥವರಿಗೆ ಇದೊಂದು ಮಾತ್ರ ಸಲೀಸು.

ನಾನು ಹುಡುಕುತ್ತಿದ್ದದ್ದು ಕೆಲಸ ಅನ್ನುವುದನ್ನು ಮುಚ್ಚಿಡಬಾರದು ಅಂತಲೂ ಕಲಿತೆ. ಒಬ್ಬರ ಹತ್ತಿರ ಸುಮ್ಮನೆ ಮಾತಾಡೋಣ ಅಂತ ಕರೆದು ಕೊನೆಗೆ ರೆಸ್ಯೂಮೆ ತೆಗೆದೆ, ಅವರ ಮುಖ ಸಣ್ಣಗಾಯಿತು, ಮತ್ತೆ ಸಿಗಲಿಲ್ಲ. ಆಮೇಲೆ ಮೊದಲ ಐದು ನಿಮಿಷದಲ್ಲೇ ಹೇಳಿಬಿಡುತ್ತಿದ್ದೆ: "ವರ್ಷದೊಳಗೆ ಬದಲಾಯಿಸಬೇಕು ಅಂತಿದೀನಿ, ಆದರೆ ಇವತ್ತು ಕೆಲಸ ಕೊಡಿಸಿ ಅಂತ ಬಂದಿಲ್ಲ." ಇದನ್ನು ಕೇಳಿದ ಮೇಲೆ ಎದುರಿನವರು ನಿರಾಳವಾಗುತ್ತಿದ್ದರು.

ಸರ್ವಿಸ್ ಇಂಜಿನಿಯರ್ ನನ್ನನ್ನು ಕಳಿಸಿದ್ದು ಏರೋಸ್ಪೇಸ್ ಪಾರ್ಟ್ ಮಾಡುವ ಕಡೆ ಪ್ರೋಗ್ರಾಮರ್ ಆಗಿದ್ದ ಮೇಡಂ ಒಬ್ಬರ ಬಳಿಗೆ. "ನಿಮ್ಮ ಹೆಸರು ಹೇಳಬಹುದಾ ಸರ್?" ಅಂತ ಕೇಳಿಯೇ ಬರೆದೆ. ಪರಿಚಯವಿಲ್ಲದ ಹೆಣ್ಣುಮಗಳನ್ನು ಕಾಫಿಗೆ ಕರೆಯುವುದು ನನಗೂ ಸರಿ ಕಾಣಲಿಲ್ಲ, ಅವರಿಗೆ ಅನುಕೂಲವಾದ ಹೊತ್ತಿಗೆ ಫೋನ್ ಸಾಕು ಅಂದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ 15 ನಿಮಿಷ ಕೊಟ್ಟರು. ನಾನು ಸಾಫ್ಟ್‌ವೇರ್ ಕೋರ್ಸಿಗೆ ದುಡ್ಡು ಕಟ್ಟಲು ಹೊರಟಿದ್ದೆ. "ಡ್ರಾಯಿಂಗ್ ಕೈಗೆ ಕೊಟ್ರೆ ಡೇಟಮ್ ಎ, ಬಿ, ಸಿ ಯಾಕೆ ಆ ಕ್ರಮದಲ್ಲಿದೆ ಅಂತ ಹೇಳ್ತೀರಾ?" ಅಂದರು. ಹೇಳಲಾಗಲಿಲ್ಲ, ಇಲ್ಲ ಮೇಡಂ ಅಂದೆ. "ಹಾಗಾದ್ರೆ ಮೊದಲು ಅದು. ಬಟನ್ ಯಾರು ಬೇಕಾದ್ರೂ ಒತ್ತುತಾರೆ." ಪಾರ್ಟನ್ನು ಮೊದಲು ಯಾವ ಮುಖದ ಮೇಲೆ ಕೂರಿಸಬೇಕು, ಆಮೇಲೆ ಯಾವುದಕ್ಕೆ ಒರಗಿಸಬೇಕು ಅನ್ನುವುದನ್ನು ಆ ಕ್ರಮ ಹೇಳುತ್ತದೆ. ಕ್ರಮ ತಪ್ಪಿದರೆ ಒಳ್ಳೆಯ ಪಾರ್ಟೂ ಫೇಲ್ ಆಗಬಹುದು. ಎರಡು ತಿಂಗಳು ನಮ್ಮದೇ ಹಳೆಯ ಡ್ರಾಯಿಂಗ್‌ಗಳನ್ನು ಹಿಡಿದು ಕೂತೆ. ಆಮೇಲೆ ಪಾರ್ಟನ್ನು ಹಿಡಿದಿಡುವ ಒಂದು ಫಿಕ್ಸ್‌ಚರ್‌ನಲ್ಲಿ ಪಾರ್ಟ್ ತಪ್ಪು ಮುಖದ ಮೇಲೆ ಕೂರುತ್ತಿದ್ದದ್ದನ್ನು ಹಿಡಿದೆ. ಅದನ್ನು ಅವರಿಗೆ ಎರಡು ಸಾಲಿನಲ್ಲಿ ತಿಳಿಸಿದೆ.

ಏಳು ತಿಂಗಳಾದ ಮೇಲೆ ಅವರಿಂದ ಮೆಸೇಜ್ ಬಂತು. "ಇನ್ನೂ ಅಲ್ಲೇ ಇದೀರಾ? ದೇವನಹಳ್ಳಿ ಕಡೆ ನಮ್ಮ ಹಳೇ ಟೀಮಿನವರು ಪ್ರೋಗ್ರಾಮರ್ ಹುಡುಕ್ತಿದಾರೆ. ಡ್ರಾಯಿಂಗ್ ಕೊಟ್ಟು ಕೂರಿಸ್ತಾರೆ, ರೆಡಿ ಇರಿ." ಶಿಫಾರಸು ಏನೂ ಮಾಡಲಿಲ್ಲ, ನಾನೂ ಕೇಳಲಿಲ್ಲ. ಹೋದೆ, ಡ್ರಾಯಿಂಗ್ ಕೊಟ್ಟರು, ಕೆಲಸ ಸಿಕ್ಕಿತು. ಅವರನ್ನು ಮುಖತಃ ನೋಡಿದ್ದು ಇಲ್ಲಿಗೆ ಸೇರಿ ನಾಲ್ಕು ತಿಂಗಳಾದ ಮೇಲೆ.

ಲೆಕ್ಕ ಹೇಳುವುದಾದರೆ 14ರಲ್ಲಿ ಉತ್ತರ ಕೊಟ್ಟವರು ಒಂಬತ್ತು, ನಿಜವಾಗಿ ಮಾತಿಗೆ ಸಿಕ್ಕಿದವರು ಆರು. ತಿಂಗಳಿಗೆ ಒಂದೇ ಮಾತುಕತೆ, ಅದಕ್ಕಿಂತ ಹೆಚ್ಚು ನನ್ನಿಂದಾಗುವುದಿಲ್ಲ, ಒಂದಾದ ಮೇಲೆ ಎರಡು ದಿನ ಸುಸ್ತು. ಹಾಗಾಗಿ ಮುಂದಿನ ತಿಂಗಳ ಇಎಂಐ ಕಟ್ಟಲು ಕೆಲಸ ಬೇಕಾದವರಿಗೆ ಈ ದಾರಿ ಹೇಳಲಾರೆ. ಅವರು ಕನ್ಸಲ್ಟೆನ್ಸಿಗೂ ಹೋಗಬೇಕು, ಪೋರ್ಟಲ್‌ನಲ್ಲೂ ಹಾಕಬೇಕು. ಇದು ಇರುವ ಕೆಲಸದಲ್ಲಿ ಇದ್ದುಕೊಂಡು ಮಾಡುವಂಥದ್ದು.

ಈಗಲೂ ಪ್ರತಿ ಮಾತಿನ ರಾತ್ರಿ ಡೈರಿಯಲ್ಲಿ ಎರಡು ಸಾಲು ಬರೆಯುತ್ತೇನೆ: ಅವರು ಏನು ಮಾಡು ಅಂದರು, ನಾನು ಯಾವತ್ತು ವಾಪಸ್ ಹೇಳಬೇಕು. ಹಿಂದಿನ ಪುಟದ ಹೆಸರುಗಳಲ್ಲಿ ಇನ್ನೂ ಮೂವರಿಗೆ ಮೆಸೇಜೇ ಹಾಕಿಲ್ಲ. ಒಬ್ಬರು ಡಿಪ್ಲೊಮಾದಲ್ಲಿ ಮೆಟ್ರಾಲಜಿ, ಅಂದರೆ ಅಳತೆಯ ಶಾಸ್ತ್ರ, ಪಾಠ ಮಾಡಿದ ಮೇಷ್ಟ್ರು. ಅವರ ಪರೀಕ್ಷೆಯಲ್ಲಿ ನನಗೆ 38 ಅಂಕ ಬಂದಿತ್ತು. ಅವರಿಗೆ ಏನು ಕೇಳಬೇಕು ಅಂತ ಇನ್ನೂ ಹೊಳೆದಿಲ್ಲ.