ಐದು ಜನ ಕೂತ ಮೇಲೆ ಕಾರು ಎಷ್ಟು ಎತ್ತರ ಉಳಿಯುತ್ತದೆ? ನನ್ನ ಅನುಭವ

"ಆ ಮಣ್ಣು ರಸ್ತೆಗೆ ದೊಡ್ಡ ಗಾಡಿನೇ ಬೇಕು, ಸುಮ್ನೆ ದುಡ್ಡು ಹಾಳು ಮಾಡ್ಬೇಡ" ಎಂದು ನಮ್ಮ ಭಾವ ಹೇಳಿದ್ದರು. ಮೆಕ್ಯಾನಿಕ್ ಕೂಡ ತಲೆಯಾಡಿಸಿದ್ದ. ಈಗ ಎರಡು ಮಳೆಗಾಲ ಕಳೆದಿವೆ. ಅದೇ ಸಣ್ಣ ಕಾರಿನಲ್ಲಿ ಐದೂ ಜನ ಓಡಾಡುತ್ತಿದ್ದೇವೆ, ತಳ ಒಮ್ಮೆಯೂ ನೆಲಕ್ಕೆ ಕೂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ತಪ್ಪು ನನ್ನದೇ. ಕಾಗದದಲ್ಲಿ 190 ಮಿಮೀ ಗ್ರೌಂಡ್ ಕ್ಲಿಯರೆನ್ಸ್ ಎಂದು ಇತ್ತು, ಸಾಕು ಅಂದುಕೊಂಡೆ. ಅದು ಖಾಲಿ ಗಾಡಿಯ ಲೆಕ್ಕ. ಒಂದು ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿ, ಡಿಕ್ಕಿ ತುಂಬಿಸಿ, ಟೇಪ್ ಹಿಡಿದು ಕೆಳಗೆ ಬಗ್ಗಿದೆ. ಮುಂದೆ ಹೆಚ್ಚೇನೂ ಇಳಿದಿರಲಿಲ್ಲ. ಹಿಂದೆ ಸುಮಾರು 50 ಮಿಮೀ ಕುಸಿದಿತ್ತು. ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ ಸೈಲೆನ್ಸರ್ ಪೈಪಿನ ಜಾಯಿಂಟ್ ಇದೆಯಲ್ವಾ, ಅದರಡಿ ಉಳಿದದ್ದು 140. ನಮ್ಮ ಮಣ್ಣು ರಸ್ತೆಯ ಎರಡು ಚಕ್ರದ ಜಾಡಿನ ನಡುವಿನ ದಿಬ್ಬ ಅಳೆದರೆ 160ರ ಆಸುಪಾಸು. ಉಜ್ಜದೆ ಇನ್ನೇನಾಗುತ್ತದೆ!

ಆಗ ಎಲ್ಲರೂ ಹೇಳುವ ದಾರಿ ಹಿಡಿದೆ: ಗಾಡಿ ಎತ್ತರಿಸಲು ನಾಲ್ಕೂ ಕಡೆ 30 ಮಿಮೀ ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್. ಮೊದಲ ವಾರ ಹಬ್ಬ. ಮುಂದೆ ಸ್ಟ್ರಟ್ ಮೇಲೆ ಹಾಕಿದ್ದರಿಂದ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗತೊಡಗಿತು. ನಾಲ್ಕು ತಿಂಗಳಿಗೆ ಶಾಫ್ಟಿನ ಗ್ರೀಸ್ ಹಿಡಿದಿಡುವ ಒಂದು ರಬ್ಬರ್ ಬೂಟ್ ಹರಿಯಿತು, ರಿಮ್ಮಿನ ಒಳಗೆಲ್ಲ ಗ್ರೀಸ್ ಚಿಮ್ಮಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ ಸದ್ದು. ಹಿಂದೆ ಇನ್ನೊಂದು ತಾಪತ್ರಯ. ಸ್ಪ್ರಿಂಗ್ ಎತ್ತಿದೆವು, ಆದರೆ ಶಾಕ್ ಅಬ್ಸಾರ್ಬರ್ ಉದ್ದ ಅಷ್ಟೇ. ಚಕ್ರ ಗುಂಡಿಗೆ ಇಳಿದಾಗೆಲ್ಲ ಶಾಕ್ ಪೂರ್ತಿ ಎಳೆದು "ಟಕ್" ಎಂದು ನಿಲ್ಲುತ್ತಿತ್ತು. ಆ ಸದ್ದು ಕೇಳಿದರೆ ತಡಮಾಡಬೇಡಿ, ಸೀಲ್ ಹೋಗುತ್ತದೆ. ನನ್ನದು ಹೋಯಿತು. ಸ್ಪೇಸರಿಗೆ ಕೊಟ್ಟದ್ದು ಒಂದು ಟೈರಿನ ದುಡ್ಡು, ಅದು ಕೆಡಿಸಿದ್ದನ್ನು ಸರಿಮಾಡಿಸಲು ಕೊಟ್ಟದ್ದು ನಾಲ್ಕು ಟೈರಿನ ದುಡ್ಡು.

ಸ್ಪ್ರಿಂಗ್ ಸುರುಳಿಗಳ ಮಧ್ಯೆ ತುರುಕುವ ರಬ್ಬರ್ ಬಫರನ್ನೂ ನೋಡಿಬಿಟ್ಟೆ. ಅಗ್ಗ, ಅಷ್ಟೇ. ಆ ಸುರುಳಿ ಕೆಲಸ ಮಾಡುವುದನ್ನೇ ಬಿಡುತ್ತದೆ, ಭಾರವೆಲ್ಲ ಉಳಿದವುಗಳ ಮೇಲೆ. ಗಾಡಿ ಖಾಲಿ ಇದ್ದಾಗ ಸೊಂಟಕ್ಕೆ ನೇರ ಪೆಟ್ಟು. ಎರಡು ವಾರಕ್ಕೆ ಬಿಚ್ಚಿ ಎಸೆದೆ. ಸ್ಪ್ರಿಂಗ್ ಒಳಗೆ ಕೂರುವ ಗಾಳಿ ಚೀಲ ನಿಜಕ್ಕೂ ಚೆನ್ನಾಗಿತ್ತು, ಭಾರಕ್ಕೆ ತಕ್ಕಂತೆ ಗಾಳಿ ಹಾಕಬಹುದು. ಆದರೆ ಜಲ್ಲಿ ಕಲ್ಲು ಅದರ ಸಣ್ಣ ಪೈಪನ್ನು ಎರಡು ಸಲ ಕತ್ತರಿಸಿತು.

ಕೊನೆಗೆ ಫಲ ಕೊಟ್ಟದ್ದು ಮೂರು ಸಣ್ಣ ಬದಲಾವಣೆ. ಹಿಂದೆ ಮಾತ್ರ ಸುಮಾರು ಮೂರನೇ ಒಂದು ಭಾಗ ಹೆಚ್ಚು ಗಟ್ಟಿ ಇರುವ ಸ್ಪ್ರಿಂಗ್ ಹಾಕಿಸಿದೆ, ಎತ್ತರ ಸ್ಪೇಸರ್ ಇಲ್ಲದ ಮೊದಲಿನಷ್ಟೇ. 50 ಕುಸಿಯುತ್ತಿದ್ದ ಕಡೆ ಈಗ 38 ಕುಸಿಯುತ್ತದೆ. ಜೊತೆಗೇ ಅದಕ್ಕೆ ಹೊಂದುವ ಶಾಕ್ ಹಾಕಿಸಿ, ಇಲ್ಲದಿದ್ದರೆ ಪ್ರತಿ ಗುಂಡಿಯ ನಂತರ ಎರಡು ಮೂರು ಸಲ ಕುಣಿಯುತ್ತದೆ, ಕುಣಿದಾಗಲೇ ತಳ ಬಡಿಯುವುದು. ಟೈರ್ 185/65 R15 ಇದ್ದದ್ದನ್ನು 195/65 R15 ಮಾಡಿದೆ. ಆರು ಮಿಮೀ ಏರಿತು, ಸ್ಪೀಡೋಮೀಟರ್ ನೂರಕ್ಕೆ ಎರಡು ಕಡಿಮೆ ತೋರಿಸುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳಗೆ ಉಜ್ಜುತ್ತದಾ ನೋಡಿಯೇ ಒಪ್ಪಿಕೊಂಡೆ. ಮೂರನೆಯದು ಆ ಸೈಲೆನ್ಸರ್ ಜಾಯಿಂಟ್. ಹ್ಯಾಂಗರ್ ಬದಲಿಸಿ 15 ಮಿಮೀ ಮೇಲೆತ್ತಿದೆವು, ಹೀಟ್ ಶೀಲ್ಡಿಗೆ ಎರಡು ಬೆರಳಿನ ಜಾಗ ಬಿಟ್ಟು. ಹ್ಯಾಂಗರನ್ನು ಹೇಗೆ ಮಡಚಿದೆವು ಎನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ಮೂರು ಶನಿವಾರ ಕಳೆದಿದ್ದೇನೆ.

ಈಗ ಐದೂ ಜನ ಕೂತಾಗ ಜಾಯಿಂಟಿನಡಿ 173. ಸಾಕಾ ಎಂದು ಊಹಿಸುತ್ತಾ ಕೂರಲಿಲ್ಲ. ಶಾಕಿನ ರಾಡಿಗೆ ಒಂದು ಕೇಬಲ್ ಟೈ ಬಿಗಿದು ಕೆಟ್ಟ ರಸ್ತೆಯಲ್ಲಿ ಹೋಗಿ ಬಂದೆ. ಶಾಕ್ ಎಷ್ಟು ಒತ್ತಿತೋ ಅಲ್ಲಿಗೆ ಟೈ ಸರಿದು ನಿಲ್ಲುತ್ತದೆ. ಹಳೆ ಸ್ಪ್ರಿಂಗಿನಲ್ಲಿ ಅದು ಬಂಪ್ ಸ್ಟಾಪ್, ಅಂದರೆ ಕೊನೆಗೆ ಪೆಟ್ಟು ತಡೆಯುವ ರಬ್ಬರನ್ನು ಮುಟ್ಟಿತ್ತು. ಈಗ ಒಂದು ಹೆಬ್ಬೆರಳಿನಷ್ಟು ಅಂತರ ಉಳಿಯುತ್ತದೆ. ಖಾಲಿ ಓಡಿಸಿದರೆ ಹಿಂದೆ ಸ್ವಲ್ಪ ಗಡಸು, ಅದು ನಿಜ. ಹಿಂದಿನ ಸೀಟಿನಲ್ಲಿ ಅಮ್ಮ ಒಬ್ಬರೇ ಕೂರುವ ದಿನ ಟೈರಿನ ಗಾಳಿ ಎರಡು ಪಿಎಸ್‌ಐ ಇಳಿಸುತ್ತೇನೆ.

ನೀರಿನ ವಿಷಯಕ್ಕೆ ಈ ಎತ್ತರ ಲೆಕ್ಕಕ್ಕೆ ಬರಲ್ಲ. ನೀರಲ್ಲಿ ಎಂಜಿನ್ ಕೆಡುವುದು ಏರ್ ಇನ್‌ಟೇಕ್ ಬಾಯಿಗೆ ನೀರು ನುಗ್ಗಿದಾಗ, ಸಣ್ಣ ಕಾರು ತೇಲುವುದು ಅದಕ್ಕೂ ಮೊದಲು. ಒಂದು ಕೋಲಿಗೆ ಚಕ್ರದ ಮಧ್ಯದ ಎತ್ತರಕ್ಕೆ ಕೆಂಪು ಟೇಪ್ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ನೀರು ಹರಿಯುತ್ತಿದ್ದರೆ ಕೋಲೂ ಬೇಡ, ವಾಪಸ್. ನಿಂತ ನೀರಾದರೆ ಅಂಚಿನಿಂದ ಅಳೆಯುತ್ತೇನೆ. ಟೇಪ್ ಒದ್ದೆಯಾದರೆ ಗಾಡಿ ತಿರುಗಿಸುತ್ತೇನೆ. ಭಾವ ಹೋದ ತಿಂಗಳು ಇದೇ ಅಳತೆಯ ಕೋಲು ಕೇಳಿ ಮಾಡಿಸಿಕೊಂಡರು.